ಗಿರಣಿ ಕಡೆ ಐದು, ರೋಡಿನ ಕಡೆ ನಾಲ್ಕು

ಗೋಗಿಯ ಮೈದಾನದಲ್ಲಿ ಬೌಲಿಂಗ್ ಒಂದೇ ಕಡೆಯಿಂದ. ಇನ್ನೊಂದು ತುದಿಯಲ್ಲಿ ಜಾಲಿಯ ಮುಳ್ಳುಕಂಟಿ ಬೆಳೆದು ಓಡಿ ಬರಲು ಜಾಗವೇ ಇಲ್ಲ. ಓವರು ಮುಗಿದರೆ ಬೌಲರ್ ಬದಲಾಗುತ್ತಾನೆ, ತುದಿ ಬದಲಾಗುವುದಿಲ್ಲ. ಹೀಗಾಗಿ ಆ ಊರಿನ ಕ್ರಿಕೆಟ್ಟಿಗೆ ಆಫ್ ಸೈಡು, ಲೆಗ್ ಸೈಡು ಎಂಬ ಉಸಾಬರಿ ಬೇಕಾಗಿರಲಿಲ್ಲ. ಬಲಗೈ ಬ್ಯಾಟ್ಸಮನ್ನನ ಬೆನ್ನ ಹಿಂದೆ ಹಿಟ್ಟಿನ ಗಿರಣಿ, ಮುಖದ ಎದುರಿಗೆ ರೋಡು. ಸ್ಕ್ವೇರ್ ಲೆಗ್ ಅಂದರೆ ಗಿರಣಿ ಕಡೆ, ಪಾಯಿಂಟ್ ಅಂದರೆ ರೋಡಿನ ಕಡೆ. ಎಡಗೈಯವರು ಯಾರೂ ಆ ಊರಲ್ಲಿ ಆಡುತ್ತಿರಲಿಲ್ಲವಾದ್ದರಿಂದ ಲೆಕ್ಕ ಎಂದೂ ತಪ್ಪಿರಲಿಲ್ಲ.

ಈ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಒಗ್ಗಿದ್ದು ರಾಮಲಿಂಗನಿಗೆ. ಹುಟ್ಟಿದಾಗಿನಿಂದ ಕಣ್ಣು ಕಾಣದ ಅವನಿಗೆ ಗಿರಣಿಯ ಫಟಫಟ ಒಂದು ಕಡೆ, ಆಟೋಗಳ ಹಾರ್ನು ಇನ್ನೊಂದು ಕಡೆ ಕೇಳಿಸಿದರೆ ಸಾಕು, ಇಡೀ ಮೈದಾನ ತಲೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಒಳಗೆ ಗೋಲಿ ಗಲಗಲ ಅನ್ನುವ ಚೆಂಡನ್ನು ಶಬ್ದದ ಮೇಲೆಯೇ ಹಿಡಿಯುತ್ತಿದ್ದ. ಅವನಿಗೆ ಆಟ ಕಲಿಸಿದವನು ಶಹಾಪುರದ ಹೈಸ್ಕೂಲಿನ ಪಿ.ಟಿ. ಮಾಸ್ತರ ವಿಶ್ವರಾಧ್ಯ. ಅವನದೂ ಗೋಗಿಯೇ. ಸ್ಕ್ವೇರ್ ಲೆಗ್ಗಿಗೆ ಗಿರಣಿಯ ಹೆಸರು ಕೊಟ್ಟವನೂ ಅವನೇ, ಅದನ್ನು ತನ್ನ ಜಾಣತನವೆಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದವನೂ ಅವನೇ.

ಅಂಧರ ವಿಭಾಗೀಯ ತಂಡಕ್ಕೆ ಯಾದಗಿರಿಯಲ್ಲಿ ಆಯ್ಕೆ ಇತ್ತು. ತಂಡದಲ್ಲಿ ರಾಮಲಿಂಗನಿಗೆ ಜಾಗ ಗ್ಯಾರಂಟಿ ಎಂದು ಎಲ್ಲರೂ ಅನ್ನುತ್ತಿದ್ದರು. ಆದರೆ ಅವನಿಗೆ ಬೇಕಾಗಿದ್ದದ್ದು ಕ್ಯಾಪ್ಟನ್‌ಗಿರಿ. ಪೂರ್ತಿ ಕಾಣದವನನ್ನು ಕ್ಯಾಪ್ಟನ್ ಮಾಡುವುದು ಅಪರೂಪ. ಅರೆಬರೆ ಕಾಣುವವರೇ ಆ ಕುರ್ಚಿಯಲ್ಲಿ ಕೂತಿರುತ್ತಾರೆ. ಜೀವನದುದ್ದಕ್ಕೂ ಒಬ್ಬರು ಕೈ ಹಿಡಿದು ಕರಕೊಂಡು ಹೋದದ್ದೇ ಆಯಿತು, ಒಂದು ಸಲ ಹತ್ತು ಮಂದಿಯನ್ನು ನಾನು ನಿಲ್ಲಿಸಬೇಕು ಎಂದು ಅವನು ವಿಶ್ವರಾಧ್ಯನಿಗೆ ಹೇಳಿದ್ದ.

ಆಯ್ಕೆಯ ಹಿಂದಿನ ದಿನ ಅಂಧರ ಕ್ರಿಕೆಟ್ ಸಂಘದ ಕಾರ್ಯದರ್ಶಿ ಏಜಾಜ ವಾಟ್ಸಾಪ್ ಗ್ರೂಪಿಗೆ ಒಂದು ಚಿತ್ರ ಹಾಕಿದ. ಯಾದಗಿರಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು, ಕಾಣದವರಿಗೆ ಚಿತ್ರ ಕಳಿಸಿದ. ಗುಂಡಗೆ ಗೆರೆ ಎಳೆದ ಮೈದಾನ, ನಡುವೆ ಪಿಚ್ಚು, ಸುತ್ತ ಒಂಬತ್ತು ಚುಕ್ಕಿ. ಕ್ಯಾಪ್ಟನ್ ಆಗಬೇಕೆನ್ನುವವರು ಅದನ್ನು ಯಾರಿಂದಲಾದರೂ ಓದಿಸಿಕೊಂಡು, ನಾಳೆ ತಮ್ಮ ಓವರುಗಳಲ್ಲಿ ಹಾಗೇ ಫೀಲ್ಡರುಗಳನ್ನು ನಿಲ್ಲಿಸಬೇಕು. ಊರೂರಿಗೆ ಜಾಗದ ಹೆಸರು ಬೇರೆ ಇರುವುದರಿಂದ ಹೆಸರು ಹೇಳುವಂತಿಲ್ಲ, ಕೈಮಾಡಿ ದಿಕ್ಕು ತೋರಿಸಿ ಕಳಿಸಬೇಕು. ಬೇರೆಯವರು ನೆನಪು ಮಾಡಿಕೊಡುವಂತಿಲ್ಲ. ಸ್ವಲ್ಪ ಹೊತ್ತಿಗೆ ಚಿತ್ರ ತೆಗೆದುಬಿಡುತ್ತೇನೆ ಎಂದೂ ಏಜಾಜ ಬರೆದಿದ್ದ.

ಬರಹ ಓದಿ ಹೇಳುವ ರಾಮಲಿಂಗನ ಫೋನು ಚಿತ್ರಕ್ಕೆ ಬರೇ "ಫೋಟೋ" ಅಂದು ಸುಮ್ಮನಾಯಿತು. ಅವನು ವಿಶ್ವರಾಧ್ಯನಿಗೆ ಫೋನ್ ಹಚ್ಚಿದ.

ವಿಶ್ವರಾಧ್ಯ ಆಗ ಮಂಚದ ಮೇಲೆ ಕಾಲು ಚಾಚಿ, ಟಿವಿಯಲ್ಲಿ ಮ್ಯಾಚು ನೋಡುತ್ತಿದ್ದ. ಕೊನೆಯ ಓವರುಗಳು ನಡೆದಿದ್ದವು. ಒಂದು ಕಣ್ಣು ಅಲ್ಲಿ ಇಟ್ಟು ಇನ್ನೊಂದು ಕಣ್ಣಿನಲ್ಲಿ ಚಿತ್ರ ನೋಡಿದ. ಬ್ಯಾಟ್ಸಮನ್ ಚಿತ್ರದ ಮೇಲ್ತುದಿಗೆ, ಬೌಲರ್ ಕೆಳಗೆ. ಎಡಕ್ಕೆ ನಾಲ್ಕು ಚುಕ್ಕಿ, ಬಲಕ್ಕೆ ಐದು, ಬಲಗಡೆಯ ಐದರಲ್ಲಿ ಎರಡು ಬ್ಯಾಟ್ಸಮನ್ನನ ಹಿಂಭಾಗಕ್ಕೆ ಬೌಂಡರಿ ಹಗ್ಗದ ಹತ್ತಿರ. ಸ್ವೀಪ್ ಹೊಡೆಯುವವರಿಗೆ ಕಟ್ಟಿದ ಬಲೆ. ಇದನ್ನು ಸರಿಯಾಗಿ ಹೇಳಬೇಕೆಂದರೆ ಬ್ಯಾಟ್ಸಮನ್ನನ ಮೈಯಿಂದ ಹೇಳಬೇಕು: ಅವನ ಮುಖದ ಕಡೆ ಇಷ್ಟು, ಬೆನ್ನ ಕಡೆ ಇಷ್ಟು. ಅವನು ಆ ತುದಿಗೆ ಹೋಗಿ ನಿಂತರೆ ಇಡೀ ಫೀಲ್ಡು ಅವನ ಜೊತೆ ತಿರುಗಬೇಕು. ವಿಶ್ವರಾಧ್ಯನಿಗೆ ಇದು ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಸಸಾರ ಮಾಡಿದ. ಗೋಗಿಯ ಲೆಕ್ಕವೇ ಸುಲಭ ಎಂದು ವಾಯ್ಸ್ ಮೆಸೇಜು ಹಾಕಿಬಿಟ್ಟ: ಗಿರಣಿ ಕಡೆ ಐದು, ರೋಡಿನ ಕಡೆ ನಾಲ್ಕು, ಯಾದಗಿರಿಯಲ್ಲಿ ಗಿರಣಿಯ ಜಾಗದಲ್ಲಿ ಸ್ಟೇಷನ್ನು ಬರ್ತದ, ರೈಲಿನ ಶಬ್ದ ಹಿಡಿ. ಯಾರು ಎಷ್ಟು ದೂರ ಎಂಬುದನ್ನೂ ಹೇಳಿದ. ಅದೆಲ್ಲ ಚೊಕ್ಕಾಗಿಯೇ ಇತ್ತು.

ಸ್ವಲ್ಪ ಹೊತ್ತಿಗೆ ರಾಮಲಿಂಗ ಮತ್ತೆ ಫೋನ್ ಮಾಡಿದ.

"ಮಾಸ್ತರ, ಅಲ್ಲಿ ಎರಡೂ ಕಡಿಂದ ಬೌಲಿಂಗ್ ಇರ್ತದಂತ. ಆ ಕಡಿಂದ ಹಾಕಿದಾಗ ಫೀಲ್ಡ್ ಹೆಂಗ್ರಿ?"

ಟಿವಿಯಲ್ಲಿ ಯಾರೋ ಚೆಂಡನ್ನು ಮುಗಿಲಿಗೆ ಎತ್ತಿದ್ದ.

"ಅದೇ ಇರ್ತದಲೇ. ಬದಲಾಗಂಗಿಲ್ಲ."

ಚಿತ್ರದ ಮಾತಾದರೆ ಅದು ನಿಜ. ಬ್ಯಾಟ್ಸಮನ್ನನಿಗೆ ಫೀಲ್ಡು ಅದೇ. ಆದರೆ ಸ್ಟೇಷನ್ನು ಎದ್ದು ಆ ಕಡೆಯಿಂದ ಈ ಕಡೆಗೆ ಬರುತ್ತದೆಯೇ? ಒಂದು ಮಾತಿನಲ್ಲಿ ಅರ್ಧ ಸತ್ಯ, ಅರ್ಧ ಸೋಮಾರಿತನ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಅಂಥದ್ದು. ಮ್ಯಾಚು ಮುಗಿದ ಮೇಲೆ ಅವನು ಗ್ರೂಪು ತೆರೆದು ನೋಡಿದ. ಏಜಾಜ ಚಿತ್ರ ಅಳಿಸಿಬಿಟ್ಟಿದ್ದ. ಹೇಳಿಯಾಗಿದೆಯಲ್ಲ ಎಂದು ಮಲಗಿದ.

ಮರುದಿನ ಶಹಾಪುರದ ಬಸ್ ಸ್ಟ್ಯಾಂಡಿಗೆ ರಾಮಲಿಂಗನ ತಾಯಿ ಸಾಯಬಮ್ಮ ಬಂದಿದ್ದಳು. ಮೀನು ಮಾರುವವಳು. ಮಾಸ್ತರು ಲಿಂಗವಂತರು, ಮೀನು ಕೊಟ್ಟರೆ ಮುಟ್ಟುವುದಿಲ್ಲವೆಂದು ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿ ತಂದಿದ್ದಳು. ಗಂಟನ್ನು ಮಗನ ಕೈಗೆ ಕೊಡದೆ ವಿಶ್ವರಾಧ್ಯನ ಕೈಗೇ ಕೊಟ್ಟಳು. ನಿಮ್ಮ ಕೈಯಾಗ ಇಟ್ಟೀನ್ರಿ ಅಂದಳು. ಗಂಟಿನ ಮಾತೋ, ಮಗನ ಮಾತೋ ಅವನಿಗೆ ಆಗ ಹೊಳೆಯಲಿಲ್ಲ.

ಯಾದಗಿರಿ ಮೈದಾನದಲ್ಲಿ ಮೊದಲ ಓವರು ನೋಡುವಂತಿತ್ತು. ರಾಮಲಿಂಗ ಪಿಚ್ಚಿನ ನಡುವೆ ನಿಂತು ರೈಲಿನ ಶಬ್ದಕ್ಕಾಗಿ ಕಾದು, ಕೈಮಾಡಿ ಒಬ್ಬೊಬ್ಬರನ್ನೇ ಕಳಿಸಿದ. ಕಲಬುರಗಿಯಿಂದ ಆಯ್ಕೆ ಮಾಡಲು ಬಂದಿದ್ದ ಅರ್ಜುಮಂದ ಮೇಡಂ ಕೈಯಲ್ಲಿದ್ದ ಚಿತ್ರ ನೋಡುತ್ತ, ಮೈದಾನ ನೋಡುತ್ತ ತಲೆಯಾಡಿಸಿದರು. ಒಂದೊಂದು ಚುಕ್ಕಿಯೂ ತನ್ನ ಜಾಗದಲ್ಲಿತ್ತು. ಸ್ವೀಪ್ ಹೊಡೆದ ಚೆಂಡು ಗಲಗಲ ಎನ್ನುತ್ತ ಹೋಗಿ ಹಗ್ಗದ ಹತ್ತಿರ ಇದ್ದವನ ಕೈಗೇ ಬಿತ್ತು. ವಿಶ್ವರಾಧ್ಯ ಪಕ್ಕದಲ್ಲಿದ್ದ ಏಜಾಜನಿಗೆ, ನಮ್ಮ ಹುಡುಗ ನೋಡ್ರಿ ಅಂದ.

ಎರಡನೇ ಓವರು ಆ ತುದಿಯಿಂದ. ಫೀಲ್ಡರುಗಳು ಎಲ್ಲಿಗೆ ಹೋಗಬೇಕೆಂದು ಕಾದು ನಿಂತರು. ರಾಮಲಿಂಗ ಕಿವಿಗೊಟ್ಟು ನಿಂತ, ಸ್ವಲ್ಪ ಹೆಚ್ಚೇ ಹೊತ್ತು ನಿಂತ. ಆಮೇಲೆ ಕೈ ಎತ್ತಿ, ಅದೇ ಇರ್ಲಿ, ಎಲ್ಲರೂ ಅಲ್ಲೇ ನಿಂದರ್ರಿ ಅಂದ.

ವಿಶ್ವರಾಧ್ಯನಿಗೆ ತಾನು ಫೋನಿನಲ್ಲಿ ಅದೇ ಇರ್ತದ ಅಂದದ್ದು ನೆನಪಾಯಿತು. ಅರೆಬರೆ ಕಾಣುವ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು, ಬಾಯಿ ಬಿಡುವಂತಿರಲಿಲ್ಲ. ಬ್ಯಾಟ್ಸಮನ್ ಈಗ ತಿರುಗಿ ನಿಂತಿದ್ದ, ಅವನ ಬೆನ್ನು ಸ್ಟೇಷನ್ನಿಗೆ ಎದುರಾದ ಪೇಟೆಯ ಕಡೆಗಿತ್ತು. ಸ್ವೀಪಿಗೆಂದು ಕಟ್ಟಿದ ಬಲೆ ಸ್ಟೇಷನ್ ಕಡೆ ಬೌಲರನ ಬೆನ್ನ ಹಿಂದೆ ಉಳಿದಿತ್ತು. ಮೊದಲ ಚೆಂಡನ್ನೇ ಅವನು ಮಂಡಿಯೂರಿ ಪೇಟೆ ಕಡೆ ಗುಡಿಸಿದ. ಅಲ್ಲಿ ಹಗ್ಗದ ಹತ್ತಿರ ನರಪಿಳ್ಳೆ ಇರಲಿಲ್ಲ. ನಾಲ್ಕು. ಮತ್ತೆ ಅದೇ ಕಡೆ, ಮತ್ತೆ ನಾಲ್ಕು. ಚೆಂಡಿನ ಗಲಗಲ ಯಾರ ಕೈಗೂ ಸಿಗದೆ ದೂರ ಹೋಗುವುದು ಇಡೀ ಮೈದಾನಕ್ಕೆ ಕೇಳಿಸುತ್ತಿತ್ತು. ರಾಮಲಿಂಗ ಪ್ರತಿ ಸಲ ಆ ಶಬ್ದದ ಕಡೆಗೆ ಮುಖ ತಿರುಗಿಸಿದ, ಫೀಲ್ಡು ಮಾತ್ರ ತಿರುಗಿಸಲಿಲ್ಲ.

ಓವರು ಮುಗಿದ ಮೇಲೆ ಅರ್ಜುಮಂದ ಮೇಡಂ ಅವನನ್ನು ಕರೆದು, ಚಿತ್ರ ಯಾರು ಹೇಳಿಕೊಟ್ಟರು ಎಂದು ಕೇಳಿದರು. ವಿಶ್ವರಾಧ್ಯ ನಾಲ್ಕು ಮಾರು ದೂರದಲ್ಲೇ ಇದ್ದ.

"ಹೇಳ್ದವ್ರು ಬರೋಬ್ಬರಿ ಹೇಳ್ಯಾರ್ರಿ ಮೇಡಂ. ನಾನೇ ತಪ್ಪು ತಿಳ್ಕೊಂಡೆ."

ಆಗ ಬಾಯಿ ಬಿಡಬೇಕಿತ್ತು. ವಿಶ್ವರಾಧ್ಯನಿಗೆ ಏಜಾಜ ಕಂಡ, ಬೇರೆ ಊರಿನ ಮಾಸ್ತರರು ಕಂಡರು, ತಾನು ಹೇಳಿಕೊಂಡು ತಿರುಗಿದ ಜಾಣತನ ಕಂಡಿತು. ಕಾಲ ಕೆಳಗಿನ ಹುಲ್ಲು ಕೆದರುತ್ತ ನಿಂತ. ಮೇಡಂ ಏನೋ ಬರೆದುಕೊಂಡು ಮುಂದಿನವನನ್ನು ಕರೆದರು.

ಊಟಕ್ಕೆ ಇಬ್ಬರೂ ಬೇವಿನ ಗಿಡದ ಕೆಳಗೆ ಕೂತರು. ವಿಶ್ವರಾಧ್ಯ ಸಾಯಬಮ್ಮನ ರೊಟ್ಟಿ ಮುರಿದು ಹಿಂಡಿ ಹಚ್ಚಿ ಹಾಗೇ ಕೈಯಲ್ಲಿ ಹಿಡಿದು ಕೂತ. ರಾಮಲಿಂಗ ಆಟದ ಮಾತೇ ಎತ್ತದೆ, ಹಿಂಡಿಗೆ ಉಪ್ಪು ಕಮ್ಮಿಯಾಗಿದೆಯೇನೋ ಎಂದು ಉಪಚಾರ ಮಾಡುತ್ತಿದ್ದ. ಬೈದಿದ್ದರೆ ಚಲೋ ಇತ್ತು. ಕೊನೆಗೆ ವಿಶ್ವರಾಧ್ಯ ಕೈ ತೊಳೆದುಕೊಂಡು, ನಿನ್ನೆ ಹಾಕಿದ ಮೆಸೇಜು ಕೊಡು, ಮೇಡಂಗೆ ಕೇಳಿಸಿ ಬರುತ್ತೇನೆ ಎಂದ. ತನ್ನ ಬಾಯಿಯಿಂದ ಹೇಳುವುದಕ್ಕಿಂತ ಫೋನಿನ ಬಾಯಿಯಿಂದ ಹೇಳಿಸುವುದು ಸುಲಭವೆನಿಸಿತ್ತು.

ಅದನ್ನು ಆಗಲೇ ಅಳಿಸಿಬಿಟ್ಟೆ ಎಂದ ರಾಮಲಿಂಗ. ನಿಮ್ಮ ಹೆಸರು ಯಾಕೆ ಕೆಡಬೇಕು ಎಂದೂ ಸೇರಿಸಿದ.

ಚಿತ್ರ ಹೋಗಿತ್ತು, ಈಗ ಅದನ್ನು ಹೇಳಿದ ದನಿಯೂ ಹೋಯಿತು. ಉಳಿದದ್ದು ತನ್ನ ಬಾಯಿ ಒಂದೇ. ವಿಶ್ವರಾಧ್ಯ ಎದ್ದು ಹೋಗಿ ಎಲ್ಲರ ಎದುರಿಗೇ ಹೇಳಿದ: ಗಿರಣಿಯ ಲೆಕ್ಕ, ಟಿವಿಯ ಮ್ಯಾಚು, ಅದೇ ಇರ್ತದ ಅಂದದ್ದು.  ಏಜಾಜ ನೆಲ ನೋಡಿದ. ಅರ್ಜುಮಂದ ಮೇಡಂ ಪೂರ್ತಿ ಕೇಳಿದರು. ತಪ್ಪು ನಿಮ್ಮದೇ, ಅವನನ್ನು ತಂಡಕ್ಕೆ ತಗೊಂಡಿದ್ದೇವೆ ಎಂದರು.

"ಆದ್ರ ಕ್ಯಾಪ್ಟನ್ ಮಾಡಂಗಿಲ್ಲ. ಹೇಳ್ದವ್ರು ತಪ್ಪು ಹೇಳಿರಬಹುದು. ಮೊದಲ ಫೋರ್ ಹೋದ ಮ್ಯಾಗರ ಅಂವಗ ತಿಳೀಬೇಕಿತ್ತು. ತಿಳೀಲಿಲ್ಲ."



ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ರಾಮಲಿಂಗ, ಈಚೆಗೆ ಅವನು. ಭೀಮಾ ಹಿಂದೆ ಉಳಿಯಿತು. ವಿಶ್ವರಾಧ್ಯ ಆ ಚಿತ್ರವನ್ನು ಮೊದಲಿನಿಂದ ಹೇಳತೊಡಗಿದ. ಗಿರಣಿ ಬಿಟ್ಟು, ಸ್ಟೇಷನ್ನು ಬಿಟ್ಟು, ನೀನೇ ಬ್ಯಾಟು ಹಿಡಿದು ನಿಂತಿದ್ದಿ ಅಂತ ತಿಳಿ, ಎಡಭುಜ ಬೌಲರನ ಕಡೆ, ಮುಖದ ಎದುರಿಗೆ ಆಫ್ ಸೈಡು ನಾಲ್ಕು ಮಂದಿ, ಬೆನ್ನ ಹಿಂದೆ ಲೆಗ್ ಸೈಡು ಐದು ಮಂದಿ, ನೀ ತಿರುಗಿದರೆ ಎಲ್ಲರೂ ತಿರುಗಬೇಕು ಎಂದು. ಯಾರಿಗೂ ಬೇಡದ ಹೊತ್ತಿನಲ್ಲಿ ಎಷ್ಟು ಚಂದ ಹೇಳಿದ. ಹೇಳಿ ಮುಗಿಸಿ, ಮೇಡಂ ಅಂದ ಮಾತನ್ನೂ ಮುಚ್ಚಿಡದೆ ಹೇಳಿದ.

ರಾಮಲಿಂಗ ಕಿಟಕಿಯ ಕಡೆಯಿಂದ ಮುಖ ಇತ್ತ ತಿರುಗಿಸಿದ.

"ತಿಳಿದಿತ್ರಿ ಮಾಸ್ತರ. ಮೊದಲ್ನೇ ಫೋರಿಗೇ ತಿಳೀತು. ಚೆಂಡು ಖಾಲಿ ಜಾಗಕ್ಕ ಹೋಗೋ ಸಪ್ಪಳ ನನಗ ಗೊತ್ತಾಗಂಗಿಲ್ಲೇನ್ರಿ?"

"ಮತ್ತ ಯಾಕ ತಿರುಗಿಸ್ಲಿಲ್ಲೋ?"

"ನೀವು ಅದೇ ಇರ್ತದ ಅಂದಿದ್ರೆಲ್ರಿ. ನಿಮಗ ಕಣ್ಣು ಕಾಣ್ತಾವ. ನನ್ನ ಕಿವೀನೇ ತಪ್ಪಿರಬೇಕು ಅಂದ್ಕೊಂಡೆ."

ವಿಶ್ವರಾಧ್ಯನ ಮಡಿಲಲ್ಲಿ ಸಾಯಬಮ್ಮನ ಗಂಟು ಇತ್ತು, ಅರ್ಧಕ್ಕರ್ಧ ರೊಟ್ಟಿಗಳು ಹಾಗೇ ಉಳಿದಿದ್ದವು. ಶಹಾಪುರದ ಸ್ಟ್ಯಾಂಡಿನಲ್ಲಿ ಆಕೆ ಕಾಯುತ್ತಿರುತ್ತಾಳೆ, ಏನಾಯಿತು ಎಂದು ಮೊದಲು ಮಗನನ್ನಲ್ಲ, ಮಾಸ್ತರನನ್ನೇ ಕೇಳುತ್ತಾಳೆ.