ಚೀ ಅಂದರೆ ಉಸಿರಲ್ಲ

ಚೀನೀ ಪದ್ಧತಿಯ ವೈದ್ಯರೊಬ್ಬರ ಕರಪತ್ರ ಅಚ್ಚಿಗೆ ಹೊರಟಿತ್ತು. ಅನುವಾದಕಿ ‘ಚೀ ಕೊರತೆ’ಯನ್ನು, ಅಂದರೆ ಜೀವಶಕ್ತಿಯ ಕೊರತೆಯನ್ನು, ‘ಉಸಿರಿನ ಕೊರತೆ’ ಎಂದೂ, ‘ತೇವ’ವನ್ನು ‘ಮೈಯಲ್ಲಿ ನೀರು’ ಎಂದೂ ಬರೆದಿದ್ದಳು.

“ಸಲೀಸಾಗಿ ಓದಿಸ್ಕೊಂಡು ಹೋಗುತ್ತೆ, ಕಳಿಸಿಬಿಡಮ್ಮ,” ವೈದ್ಯರು ಅವಸರಪಡಿಸಿದರು.

ಅರ್ಥವಾಯಿತೇ ಎಂದು ಅವಳು ಯಾರನ್ನೂ ಕೇಳುವವಳಲ್ಲ; ಕೇಳಿದರೆ ಎಲ್ಲರೂ ಸುಮ್ಮನೆ ತಲೆಯಾಡಿಸುತ್ತಾರೆ. ಹೊರಗೆ ಸರದಿಗೆ ಕಾದಿದ್ದ ಅಜ್ಜಿಯಿಂದ ಕರಡು ಓದಿಸಿ, “ಈಗ ಏನು ಮಾಡ್ತೀರಿ, ಅಜ್ಜಿ?” ಎಂದಳು.

“ನೀರು ಕುಡಿಯೋದು ಬಿಡ್ತೀನಿ. ಉಸಿರಿಗೆ ಇವರ ಕಷಾಯ ಇದ್ಯಲ್ಲ, ಈ ಇನ್ಹೇಲರ್ ಇನ್ಯಾಕೆ?” ಇನ್ಹೇಲರ್ ಹಿಡಿದ ಅಜ್ಜಿಯ ಕೈ ಆಗಲೇ ಕಸದ ಬುಟ್ಟಿಯ ಮೇಲಿತ್ತು.

ವೈದ್ಯರು ಓಡಿಬಂದು ಆ ಕೈ ಹಿಡಿದರು.

ಅನುವಾದಕಿ ಅಲ್ಲೇ ತಿದ್ದಿದಳು: ‘ಚೀ, ತೇವ ಇವು ಚೀನೀ ವೈದ್ಯದ ಪರಿಕಲ್ಪನೆಗಳು. ಚೀ ಎಂದರೆ ನೀವು ಎಳೆಯುವ ಉಸಿರಲ್ಲ. ತೇವ ಎಂದರೆ ಕುಡಿದ ನೀರಲ್ಲ. ಈಗಿನ ಔಷಧಿ ನಿಲ್ಲಿಸಬೇಡಿ.’

ಅಜ್ಜಿ ಮತ್ತೆ ಓದಿ, ಇನ್ಹೇಲರನ್ನು ಚೀಲಕ್ಕೆ ಹಾಕಿಕೊಂಡರು. “ಚೀ ಅಂದ್ರೇನೋ ನನಗಂತೂ ತಿಳೀಲಿಲ್ಲ ಕಣಮ್ಮ.”

“ಸದ್ಯ, ತಪ್ಪು ತಿಳ್ಕೊಳ್ಳಲಿಲ್ವಲ್ಲ!” ಎಂದಳು ಅನುವಾದಕಿ.