ಶುಕ್ರವಾರ ರಾತ್ರಿ ಮುಚ್ಚಬೇಕು

ನಮ್ಮ ಆಫೀಸಿನಲ್ಲಿ ನನ್ನನ್ನು ಕಂಡರೆ ಯಾರಿಗೂ ಅಷ್ಟು ಖುಷಿ ಇಲ್ಲ. ಇರಬೇಕಾಗಿಯೂ ಇಲ್ಲ. ನನ್ನ ಕೆಲಸವೇ ಅಂಥದ್ದು. ನಮ್ಮ ಆ್ಯಪ್‌ನ ಪ್ರತಿ ಹೊಸ ರಿಲೀಸ್ ಹೊರಗೆ ಹೋದ ಮೇಲೆ ಗಿರಾಕಿಗಳ ಕೈಯಲ್ಲಿ ಸಿಕ್ಕಿದ ತಪ್ಪುಗಳನ್ನೆಲ್ಲ ಒಟ್ಟುಮಾಡಿ, ಒಂದೊಂದೂ ಯಾವ ಟಾಸ್ಕ್‌ನಲ್ಲಿ ಹುಟ್ಟಿತು ಎಂದು ಪತ್ತೆಹಚ್ಚಿ ವರದಿ ಕೊಡಬೇಕು. ನಾವು ಪರೀಕ್ಷೆ ಮಾಡುವಾಗಲೇ ಸಿಕ್ಕಿದ್ದು ಲೆಕ್ಕಕ್ಕಿಲ್ಲ. ನಮ್ಮೆಲ್ಲರ ಕಣ್ಣು ತಪ್ಪಿಸಿ ಹೊರಗೆ ಓಡಿಹೋದದ್ದು ಮಾತ್ರ ಲೆಕ್ಕ. ಹಾಗಾಗಿ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಎದ್ದರೆ ಸಾಕು, ಎಲ್ಲರಿಗೂ ಒಮ್ಮೆಲೇ ಚಾ ಕುಡಿಯುವ ನೆನಪಾಗುತ್ತದೆ.

ಪುತ್ತೂರಿನಲ್ಲಿ ಬೇಕರಿಯ ಮೇಲಿನ ಮಾಳಿಗೆ ನಮ್ಮದು. ಮದುವೆ ಹಾಲ್‌ಗಳ ಬುಕಿಂಗ್ ಆ್ಯಪ್ ಮಾಡುತ್ತೇವೆ. ಮಾಲೀಕ ಮಶೂದ್ ಸರ್. ಒಳ್ಳೆಯ ಮನುಷ್ಯ, ಆದರೆ ಬಾಯಿ ಸ್ವಲ್ಪ ಮುಂದೆ. ಹೋದ ವರ್ಷ ಮಂಗಳೂರಿನಲ್ಲಿ ಯಾವುದೋ ಭಾಷಣ ಕೇಳಿ ಬಂದವರೇ ಗೋಡೆಗೆ ಒಂದು ನಿಯಮ ಅಂಟಿಸಿದರು: ಒಂದು ರಿಲೀಸ್‌ನಲ್ಲಿ ಯಾರ ಟಾಸ್ಕ್‌ನಿಂದ ಎರಡಕ್ಕಿಂತ ಹೆಚ್ಚು ತಪ್ಪು ಹೊರಗೆ ಹೋಗುತ್ತದೋ ಅವರಿಗೆ ಆ ಸಲ ಬೋನಸ್ ಇಲ್ಲ, ಖಾಯಂ ಆಗುವುದೂ ಇಲ್ಲ. ಆಗಲೇ ಹೇಳಿದ್ದೆ, ಸರ್, ಹೀಗೆ ಮಾಡಿದರೆ ಜನ ತಪ್ಪು ಅಡಗಿಸುತ್ತಾರೆ ಎಂದು. ನನ್ನ ಮಾತು ಯಾರಿಗೆ ಬೇಕು?

ಈ ನಿಯಮದ ಕೆಳಗೆ ಸಿಕ್ಕಿಬಿದ್ದವನು ರಕ್ಷಿತ್. ಸುಳ್ಯದ ಆಲೆಟ್ಟಿಯ ಹುಡುಗ. ಮನೆಯಲ್ಲಿ ಅರೆಭಾಷೆ, ಆಫೀಸಿನಲ್ಲಿ ಮೌನ. ಕೋಡ್ ಬರೆಯುವುದರಲ್ಲಿ ಗಟ್ಟಿ. ಅವನ ಪ್ರೊಬೇಷನ್ ಒಮ್ಮೆ ಮುಂದೆ ಹೋಗಿ, ಈ ರಿಲೀಸ್‌ನ ವರದಿಗೆ ಕಾದು ನಿಂತಿತ್ತು. ಈ ಸಲವೂ ಆಗದಿದ್ದರೆ ಬೇರೆ ಕಡೆ ನೋಡಿಕೊಳ್ಳಬೇಕು. ಅವನ ಅಮ್ಮ ಸೇವಂತಿ ಮೊದಲೆಲ್ಲ ದಿನಾ ಫೋನ್ ಮಾಡಿ "ಆತಾ?" ಎಂದು, ಖಾಯಂ ಆಯಿತಾ ಎಂದು ಕೇಳುತ್ತಿದ್ದರಂತೆ. ಈಗ ಊಟ ಆಯಿತಾ ಎಂದಷ್ಟೇ ಕೇಳುತ್ತಾರಂತೆ. ಅದನ್ನು ಹೇಳುವಾಗ ಅವನು ನಗಲಿಕ್ಕೆ ನೋಡಿದ.

ಈ ರಿಲೀಸ್‌ನಲ್ಲಿ ಅವನ ಹೆಸರಿನಲ್ಲಿ ಆಗಲೇ ಎರಡು ತಪ್ಪು ಇದ್ದವು. ಎರಡೂ ನಿಜವಾಗಿ ಅವನವೇ, ಅವನೂ ಒಪ್ಪಿದ್ದ. ಮೂರನೆಯದೊಂದನ್ನು ಮಶೂದ್ ಸರ್ ಅವನ ತಲೆಗೆ ಕಟ್ಟಿದ್ದರು. ಆದರೆ ಬಗೆದು ನೋಡಿದಾಗ ಆ ತಪ್ಪು ಹಿಂದಿನ ರಿಲೀಸ್‌ನಲ್ಲೇ ಇತ್ತು. ಇವನು ಅದನ್ನು ಸರಿಮಾಡಿದವನು, ಅಷ್ಟೇ. ಸರಿಮಾಡಿದವನ ಮೇಲೆಯೇ ಹಾಕುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ತೆಗೆದು ಹಿಂದಿನ ರಿಲೀಸ್‌ನ ಲೆಕ್ಕಕ್ಕೆ ಸೇರಿಸಿದೆ. ಅಲ್ಲಿಗೆ ಹುಡುಗ ಬಚಾವ್ ಎಂದುಕೊಂಡೆ.

ವರದಿ ಒಪ್ಪಿಸುವ ದಿನವೇ ಬೆಳಿಗ್ಗೆ ಉಪ್ಪಿನಂಗಡಿಯ ಹಾಲ್ ಮಾಲೀಕ ಅಲಿ ಕುಂಞಿ ಹಾಜಿಯವರ ಫೋನ್ ಬಂತು.

"ನಶೀದಾ, ಎಂತ ಮಾಡಿ ಇಟ್ಟಿದ್ದೀರಿ ನೀವು? ಕಳೆದ ಶುಕ್ರವಾರ ರಾತ್ರಿ ನಮ್ಮ ಹಾಲಿನಲ್ಲಿ ಸ್ವಲಾತ್ ಮಜ್ಲಿಸ್. ವಾರ ವಾರ ಎಲ್ಲ ಸೇರಿ ಪ್ರಾರ್ಥನೆ ಮಾಡುದು, ನಿಮಗೆ ಹೇಳಿದ್ದೇನೆ. ಆ ಹೊತ್ತಿಗೆ ಹಾಲ್ ಯಾರಿಗೂ ಕೊಡ್ಲಿಕ್ಕಿಲ್ಲ. ಉಸ್ತಾದರು ಬಂದು ಕೂತಿದ್ದಾರೆ, ಆಗ ಸುಳ್ಯದಿಂದ ಎರಡು ಬಸ್ಸು ಜನ, ಮದರಂಗಿ ಅಂತ. ಡಿಜೆ ಬಾಕ್ಸ್ ಬೇರೆ! ಆ್ಯಪ್‌ನಲ್ಲಿ ಬುಕ್ ಮಾಡಿದ್ದೇವೆ ಅಂತ ಮೊಬೈಲ್ ತೋರಿಸ್ತಾರೆ."

"ಯಾ ಅಲ್ಲಾಹ್! ಮತ್ತೆ ಎಂತಾಯ್ತು ಹಾಜಿಯವರೇ?"

"ಎಂತಾಗುದು? ಮದುಮಗಳ ಅಪ್ಪ ಚನಿಯಪ್ಪ ಅಂತ, ಪಾಪದ ಜನ. ಸ್ವಲಾತ್ ಮುಗಿಯುವ ತನಕ ಡಿಜೆ ಹಾಡು ಬಂದ್ ಮಾಡಿಸಿದ್ರು. ಮುಗಿದ ಮೇಲೆ ನಮ್ಮವರನ್ನೆಲ್ಲ ಊಟಕ್ಕೆ ಕೂರಿಸಿದ್ರು. ಉಸ್ತಾದರು ಎರಡು ಸಲ ಪಾಯಸ ಹಾಕಿಸಿಕೊಂಡ್ರು. ಅದು ಬೇರೆ ವಿಷಯ. ಮುಂದಿನ ಸಲ ಹೀಗಾದ್ರೆ ನಿಮ್ಮ ಆ್ಯಪ್ ಬೇಡ ಮಾರಾಯ್ತಿ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೂರು ದಾಖಲಿಸಿದೆ. ಮೊದಲು ಅದೇ ತಪ್ಪು ನನ್ನ ಕಣ್ಣೆದುರು ಆಗುತ್ತದೆಯೇ ನೋಡಬೇಕಲ್ಲ. ಆ್ಯಪ್ ತೆರೆದು ಶುಕ್ರವಾರ ರಾತ್ರಿಗೆ ಆ ಹಾಲ್ ಕೇಳಿದೆ. ಮುಚ್ಚಿತ್ತು. ಮುಂದಿನ ವಾರ ಕೇಳಿದೆ. ಮುಚ್ಚಿತ್ತು. ಕಳೆದ ಶುಕ್ರವಾರದ ಬುಕಿಂಗ್ ಹುಡುಕಿದೆ. ಒಂದೂ ಇಲ್ಲ. ಎರಡು ಬಸ್ಸು ಜನ ಆಕಾಶದಿಂದ ಇಳಿದರೇ?

ಸರಿ, ಹಿಂದಕ್ಕೆ ಹೋದೆ. ಕೋಡ್‌ನಲ್ಲಿ ಹಾಲ್ ಮುಚ್ಚುವ ಸಾಲನ್ನು ಯಾರು, ಯಾವಾಗ ಬರೆದದ್ದು? ಈ ರಿಲೀಸ್‌ನಲ್ಲೇ, ರಕ್ಷಿತ್. ಅದು ಅವನ ಯಾವ ಟಾಸ್ಕ್‌ಗೆ ಸೇರಿದ್ದು? ನಂಬರ್ ಅಲ್ಲೇ ಇತ್ತು. ಆಮೇಲೆ ಆ ಸಾಲನ್ನು ಯಾರೂ ಮುಟ್ಟಿರಲಿಲ್ಲ. ಅಂದರೆ ಮೂರನೆಯದು. ಮತ್ತೆ ಅದೇ ಹುಡುಗ. ನನಗೆ ಅವನ ಮುಖ ನೋಡಲಿಕ್ಕೆ ಆಗಲಿಲ್ಲ.

ಮಧ್ಯಾಹ್ನ ನಾನು, ರಕ್ಷಿತ್, ಮಶೂದ್ ಸರ್ ಮೂರೂ ಜನ ಕೂತೆವು. ಮಶೂದ್ ಸರ್ ಸಿಡಿದರು.

"ರಕ್ಷಿತ್, ನಾನು ಎಂತ ಬರೆದಿದ್ದೆ? 'ಶುಕ್ರವಾರ ರಾತ್ರಿ ಮುಚ್ಚಬೇಕು.' ಇದರಲ್ಲಿ ಅರ್ಥ ಆಗದ್ದು ಎಂತ ಉಂಟು?"

"ಶುಕ್ರವಾರ ರಾತ್ರಿ ಮುಚ್ಚಿದ್ದೇನೆ ಸರ್."

"ಮುಚ್ಚಿದ್ರೆ ಶುಕ್ರವಾರ ರಾತ್ರಿ ಜನ ಹೇಗೆ ಬಂದ್ರು?"

"ಗೊತ್ತಿಲ್ಲ ಸರ್. ಶುಕ್ರವಾರ ರಾತ್ರಿ ಯಾರೂ ಬರ್ಲಿಕ್ಕೆ ಆಗುದಿಲ್ಲ."

"ಹಾಗಾದ್ರೆ ಹಾಜಿಯವರು ಸುಳ್ಳು ಹೇಳುದಾ? ನೀನು ಬೆಳಿಗ್ಗೆ ಗೊತ್ತಾಗದ ಹಾಗೆ ಸರಿಮಾಡಿ ಇಟ್ಟಿರಬೇಕು!"

ಅಲ್ಲಿಗೆ ನನಗೆ ರೇಗಿತು. "ಸರ್, ಇಲ್ಲಿ ಯಾರು ಎಂತ ಮುಟ್ಟಿದ್ರೂ ನನಗೆ ಕಾಣ್ತದೆ. ಆ ಸಾಲು ರಿಲೀಸ್ ಆದಲ್ಲಿಂದ ಹಾಗೇ ಉಂಟು. ಹುಡುಗನಿಗೆ ಕಳ್ಳತನದ ಮಾತು ಹೇಳ್ಬೇಡಿ. ತೃಷಾ ಕೂಡ ಪರೀಕ್ಷೆ ಮಾಡಿ ಸರಿ ಉಂಟು ಅಂತ ಬರೆದಿದ್ದಾಳೆ." ತೃಷಾ ನನ್ನ ಜೊತೆಗೆ ಪರೀಕ್ಷೆ ಮಾಡುವವಳು, ಅವಳೂ ಸುಳ್ಯದವಳು.

ರಕ್ಷಿತ್ ಕುರ್ಚಿಯಿಂದ ಎದ್ದ. "ಬೇಡ ಮೇಡಂ. ಮೂರಾಯ್ತಲ್ಲ. ನನ್ನ ಹೆಸರು ಬರೆದುಬಿಡಿ. ಆದ್ರೆ ಕದ್ದು ಸರಿಮಾಡಲಿಲ್ಲ ಸರ್, ಅದೊಂದು ಮಾತ್ರ ಬರೀಬೇಡಿ."

ಮಶೂದ್ ಸರ್‌ಗೂ ಹೇಳಿದ್ದು ಹೆಚ್ಚಾಯಿತು ಎನ್ನಿಸಿರಬೇಕು, ದನಿ ಇಳಿಸಿದರು. "ಕೂತುಕೊ ಮಾರಾಯ. ನೀನೇ ಬಂದು ನೋಡು. ಇವತ್ತು ಶುಕ್ರವಾರ ರಾತ್ರಿ ಅಲ್ವಾ, ನಾನು ಹೇಗೂ ಸ್ವಲಾತ್‌ಗೆ ಉಪ್ಪಿನಂಗಡಿಗೆ ಹೋಗುದು. ನನ್ನ ಕಾರಲ್ಲೇ ಬಾ."

ರಕ್ಷಿತ್ ಗೋಡೆಯ ಕ್ಯಾಲೆಂಡರ್ ನೋಡಿದ. ಮೊಬೈಲ್ ನೋಡಿದ. ಮತ್ತೆ ನನ್ನನ್ನು ನೋಡಿದ.

"ಸರ್... ಇವತ್ತು ಗುರುವಾರ."

"ಹೌದು, ಗುರುವಾರ. ರಾತ್ರಿ ಶುಕ್ರವಾರ ರಾತ್ರಿ. ಅದರಲ್ಲಿ ಎಂತ..." ಎಂದವರು ಬಾಯಿ ತೆರೆದೇ ಕೂತರು.

ನಾನು ಹಣೆ ಹಣೆ ಬಡಿದುಕೊಂಡೆ. ನಮ್ಮ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಸೂರ್ಯ ಮುಳುಗಿದರೆ ಮರುದಿನ ಶುರು. ಗುರುವಾರ ಸಂಜೆಯ ಮಗ್ರಿಬ್ ಬಾಂಗ್ ಆದಮೇಲೆ ಬರುವುದೇ ಶುಕ್ರವಾರ ರಾತ್ರಿ. ಹುಟ್ಟಿದಲ್ಲಿಂದ ಹಾಗೇ ಹೇಳಿದವರು ನಾವು. ಹಾಜಿಯವರು ಹಾಗೆ ಹೇಳಿದರು, ಮಶೂದ್ ಸರ್ ಹಾಗೇ ಬರೆದರು, ನಾನು ಹಾಗೇ ಓದಿದೆ. ಆದರೆ ಆ್ಯಪ್ ತೆರೆದ ಕೂಡಲೇ ನನ್ನ ಬೆರಳು ಕ್ಯಾಲೆಂಡರಿನ ಶುಕ್ರವಾರವನ್ನೇ ಒತ್ತಿತು! ರಕ್ಷಿತ್ ಮತ್ತು ತೃಷಾ ಪಾಪ, ಶುಕ್ರವಾರ ಎಂದರೆ ಶುಕ್ರವಾರ ಎಂದುಕೊಂಡರು. ಗುರುವಾರದ ಬುಕಿಂಗ್ ತೆಗೆದು ನೋಡಿದರೆ ಚನಿಯಪ್ಪ ಅಲ್ಲೇ ಕೂತಿದ್ದರು.

ನಮಗೆ ಮೂವರಿಗೂ ನಗು ತಡೆಯಲಿಕ್ಕಾಗಲಿಲ್ಲ. ಮಶೂದ್ ಸರ್ ಮೇಜು ಬಡಿದು ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಮೆಲ್ಲ ಜಾರಲಿಕ್ಕೆ ನೋಡಿದರು.

"ಹಾಗಾದ್ರೆ ಇದು ತಪ್ಪೇ ಅಲ್ಲ ನಶೀದಾ. ಗುರುವಾರ ಮುಚ್ಚುದು ಅಂತ ಹೊಸ ಬೇಡಿಕೆ ಮಾಡಿ ಹಾಕು. ವರದಿಯಿಂದ ತೆಗೆ."

"ಅದು ಹೇಗೆ ಆಗ್ತದೆ ಸರ್? ಹಾಜಿಯವರು ಹೊಸತೇನೂ ಕೇಳಲಿಲ್ಲ. ಮೊದಲೇ ಕೇಳಿದ್ದು ಸಿಗಲಿಲ್ಲ. ಉಸ್ತಾದರ ಎದುರು ಡಿಜೆ ಬಾಕ್ಸ್ ಇಳಿದಿದೆ. ತಪ್ಪು ಹೊರಗೆ ಹೋದದ್ದೇ, ಈ ರಿಲೀಸ್‌ನಲ್ಲೇ."

"ಮತ್ತೆ ಯಾರ ಟಾಸ್ಕ್?"

ಪರದೆಯನ್ನು ಅವರ ಕಡೆ ತಿರುಗಿಸಿದೆ. "ಕೋಡ್ ಸಾಲಿನಿಂದ ರಕ್ಷಿತ್‌ನ ಟಾಸ್ಕ್‌ಗೆ ಬಂದೆವು. ನಾನು ಬೆಳಿಗ್ಗೆ ಅಲ್ಲೇ ನಿಂತೆ. ನಿಲ್ಲಬಾರದಿತ್ತು. ಅವನ ಟಾಸ್ಕ್‌ನಲ್ಲಿ ಬರೆದಂತೆಯೇ ಕೋಡ್ ಉಂಟು. ಅದರ ಮೇಲೆ, ಗಿರಾಕಿ ಕೇಳಿದ್ದನ್ನು ನೀವು ಬರೆದಿಟ್ಟ ಬೇಡಿಕೆಯ ಟಾಸ್ಕ್ ಉಂಟು. ಹಾಜಿಯವರು ಹೇಳಿದ ರಾತ್ರಿ ಬೇರೆ, ಅದನ್ನು ಓದಿದವನಿಗೆ ಸಿಕ್ಕಿದ ರಾತ್ರಿ ಬೇರೆ. ತಪ್ಪು ಮೊದಲು ಒಳಗೆ ಬಂದದ್ದು ಅಲ್ಲಿ. ಮೂಲ ಅದೇ."

"ನನ್ನದಾ?"

"ನಿಮ್ಮದೇ. ಬೇರೆ ಎರಡು ಕೂಡ ಬೇಡಿಕೆಯಲ್ಲೇ ಹುಟ್ಟಿದ್ದು ಅಂತ ವರದಿಯಲ್ಲಿ ಆಗಲೇ ಉಂಟು. ಅವೂ ನಿಮ್ಮವೇ. ಇದು ಸೇರಿದ್ರೆ ಮೂರು."

ಮಶೂದ್ ಸರ್ ಗೋಡೆಯ ನಿಯಮವನ್ನು ಓದಿದರು. ಈಗಷ್ಟೇ ಅಕ್ಷರ ಕಲಿತವರ ಹಾಗೆ ಒಂದೊಂದೇ ಪದ ಓದಿದರು. ರಕ್ಷಿತ್ ನೆಲ ನೋಡುತ್ತಿದ್ದ. ನನಗೆ ಒಳಗೊಳಗೆ ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಹೇಳಿಕೇಳಿ ಸಂಬಳ ಕೊಡುವವರು. ಆದರೆ ಆ ಹೊತ್ತಿಗೆ ನಾನು ಹೆಸರು ಬದಲಿಸಿದರೆ, ನಾಳೆಯಿಂದ ಈ ವರದಿ ಬೇಕರಿಯವರಿಗೆ ಪಫ್ಸ್ ಕಟ್ಟಲಿಕ್ಕೆ ಸಾಕು.

ಮಶೂದ್ ಸರ್ ಫೋನ್ ತೆಗೆದು ಸ್ಪೀಕರ್‌ನಲ್ಲಿ ಇಟ್ಟರು. "ಹಾಜಿಯವರೇ, ಆ ಶುಕ್ರವಾರದ ಗಲಾಟೆ ಯಾರಿಂದ ಆದದ್ದು ಅಂತ ಗೊತ್ತಾಯ್ತು. ನಮ್ಮ ಹುಡುಗರದ್ದಲ್ಲ. ನನ್ನದೇ. ನಾನು ಗುರುವಾರ ಅಂತ ಬರೀಲಿಲ್ಲ."

ಆ ಕಡೆಯಿಂದ ಹಾಜಿಯವರು, "ಗುರುವಾರ ಯಾಕೆ ಬರೀಬೇಕು? ಸ್ವಲಾತ್ ಇರುದು ಶುಕ್ರವಾರ ರಾತ್ರಿಯಲ್ವಾ?" ಎಂದರು. ರಕ್ಷಿತ್ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದ. ಹಾಜಿಯವರಿಗೆ ಅರ್ಥ ಮಾಡಿಸುವುದರೊಳಗೆ ಮಶೂದ್ ಸರ್ ಬೆವತುಹೋದರು.

ಫೋನ್ ಇಟ್ಟು ಸೀದಾ ಗೋಡೆಗೆ ಹೋದರು, ನಿಯಮವನ್ನು ಕಿತ್ತು ಮುದ್ದೆಮಾಡಿ ಬುಟ್ಟಿಗೆ ಹಾಕಿದರು. "ವರದಿಯಲ್ಲಿ ನನ್ನ ಹೆಸರು ಮೊದಲು ಇರಲಿ," ಎಂದರು. "ದಪ್ಪ ಅಕ್ಷರದಲ್ಲಿ ಬೇಡ, ಆಯ್ತಾ?" ಆಮೇಲೆ ಅಲ್ಲೇ ಕೂತು ಏನೋ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಬಾಗಿಲ ಹತ್ತಿರ ನಿಂತಿದ್ದ ರಕ್ಷಿತ್‌ನ ಕೈಗೆ ಕೊಟ್ಟರು. "ಕಳ್ಳತನದ ಮಾತು ಹೇಳಬಾರದಿತ್ತು ಮಾರಾಯ. ಮನಸ್ಸಿನಲ್ಲಿ ಇಟ್ಟುಕೊಳ್ಬೇಡ."

ಖಾಯಂ ಆದ ಪತ್ರ. ಹುಡುಗ ಓದಿದ. ಕಣ್ಣು ತುಂಬಿತು. ಮತ್ತೆ ಓದಿದ, ಈ ಸಲ ತುಟಿ ಅಲುಗಿತು. ಕಾಗದವನ್ನು ನನಗೆ ತೋರಿಸಿದ. 'ಕುಮಾರಿ ರಕ್ಷಿತಾ ಅವರಿಗೆ' ಎಂದಿತ್ತು.

"ಮೇಡಂ, ಇದೂ ವರದಿಗೆ ಬರ್ತದಾ?"

"ಇಲ್ಲ," ಎಂದೆ. "ಇದು ಇನ್ನೂ ನಮ್ಮ ಬಾಗಿಲು ದಾಟಲಿಲ್ಲ. ದಾಟುವ ಮೊದಲು ಸಿಕ್ಕಿದ್ದು ಲೆಕ್ಕಕ್ಕಿಲ್ಲ. ಸರಿಮಾಡಿಸಿಕೊಂಡು, ಮೊದಲು ನಿನ್ನ ಅಮ್ಮನಿಗೆ ಫೋನ್ ಮಾಡು."