ಸರಾಸರಿಯ ಕೆಳಗೆ

ಮಾರ್ಚ್ ತಿಂಗಳ ಕೊನೆಯ ಶನಿವಾರ ಮಾರುಕಟ್ಟೆಗೆ ರಜೆ. ಗಂಡಹೆಂಡತಿ ಸೇರಿ ಇಟ್ಟುಕೊಂಡಿದ್ದ ಎರಡು ವರ್ಷದ ಗಡುವು ಹಿಂದಿನ ದಿನವಷ್ಟೇ ಮುಗಿದಿತ್ತು. ಖಾತೆ ಶುರುವಾದ ಮೊತ್ತಕ್ಕಿಂತ ಮೇಲಿದ್ದರೆ ದೇವರಾಜ್ ಹಾಸನದ ಈ ಮನೆಯಲ್ಲೇ ಕೂತು ಟ್ರೇಡಿಂಗ್ ಮುಂದುವರಿಸಬೇಕು. ಕೆಳಗಿದ್ದರೆ ಎಲ್ಲ ಮುಚ್ಚಿ, ಅರಕಲಗೂಡಿನಲ್ಲಿ ಅಣ್ಣ ಬಸವೇಶನ ಗೊಬ್ಬರದ ಅಂಗಡಿ ನೋಡಿಕೊಳ್ಳಬೇಕು.

ಖಾತೆ ಕೆಳಗಿತ್ತು. ಬಹಳವೇನಲ್ಲ, ಆದರೆ ಕೆಳಗೆ.

ದೇವರಾಜ್ ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದ. ಸ್ಪಂದನಾ ಅವನ ಕಂಪ್ಯೂಟರ್ ಮುಂದೆ ಕೂತು ಎರಡು ಗೆರೆಗಳನ್ನು ನೋಡುತ್ತಿದ್ದಳು. ನೀಲಿ ಗೆರೆ ನಿಜವಾದ ದುಡ್ಡಿನದು. ಬೂದು ಗೆರೆ ದುಡ್ಡು ಹಾಕದೆ ಕಾಗದದ ಮೇಲಷ್ಟೇ ನಡೆಸಿದ ಲೆಕ್ಕದ್ದು. ಬೂದು ಗೆರೆ ಎಲ್ಲೋ ಮೇಲಿತ್ತು.

ಅವನ ಪ್ರೋಗ್ರಾಂ ಬೆಳ್ಳಿ, ತಾಮ್ರದಂಥ ಸರಕುಗಳ ಬೆಲೆ ಹಿಂದಿನ ಇಪ್ಪತ್ತು ದಿನದ ಗರಿಷ್ಠ ಮಟ್ಟ ದಾಟಿದಾಗ ಕೊಳ್ಳುತ್ತಿತ್ತು, ಏರಿಕೆಯ ಓಟ ಮುರಿದಾಗ ಮಾರುತ್ತಿತ್ತು. ಹತ್ತರಲ್ಲಿ ಆರೇಳು ಸಲ ಸಣ್ಣ ನಷ್ಟ. ಎಂದೋ ಒಮ್ಮೆ ಬರುವ ದೊಡ್ಡ ಲಾಭ ಅದನ್ನೆಲ್ಲ ತುಂಬಿಕೊಡಬೇಕು. ಒಂದೂವರೆ ವರ್ಷದ ಹಿಂದೆ ಸಾಲಾಗಿ ಒಂಬತ್ತು ನಷ್ಟ ಬಂದವು. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವ ಸ್ಪಂದನಾ, ದಿನವೂ ಹೋಗುವ ಬಸ್ಸು ದಾರಿಯ ಶಾಂತಿಗ್ರಾಮ ದಾಟುವುದರೊಳಗೆ ಫೋನನ್ನು ಹತ್ತು ಸಲ ತೆಗೆದು ನೋಡುವಂತಾದಳು. ಊಟ ಸೇರುತ್ತಿರಲಿಲ್ಲ.

ಕೊನೆಗೆ ಅವಳೇ ಉಪಾಯ ಹೇಳಿದ್ದಳು. ಖಾತೆಯ ಗೆರೆ ತನ್ನದೇ ಹಿಂದಿನ ಇಪ್ಪತ್ತು ವ್ಯವಹಾರಗಳ ಸರಾಸರಿಗಿಂತ ಕೆಳಗಿಳಿದರೆ ನಿಲ್ಲಿಸಿಬಿಡಬೇಕು. ನಿಂತಿರುವಾಗ ಕಾಗದದ ಮೇಲೆ ಮಾತ್ರ ಲೆಕ್ಕ ನಡೆಯಲಿ. ಕಾಗದದ ಗೆರೆ ಸರಾಸರಿ ದಾಟಿದ ಮೇಲೆ ಮತ್ತೆ ನಿಜವಾದ ದುಡ್ಡು ಹಾಕೋಣ. ದೇವರಾಜ್ ವಾರ ಬಿಟ್ಟು, ಆಗಲಿ ಎಂದು ಆ ನಿಯಮವನ್ನು ಪ್ರೋಗ್ರಾಮಿಗೆ ಫಿಲ್ಟರ್ ಆಗಿ ಹಾಕಿದ್ದ.

ಹೋದ ವರ್ಷ ಅದು ನಿಲ್ಲಿಸಿದ ಸಮಯದಲ್ಲೇ ಬೆಳ್ಳಿ ಹೊರಟಿತು. ನಾಲ್ಕು ತಿಂಗಳು ಏರಿತು. ಆ ಕಾಗದದ ವ್ಯವಹಾರ ಮುಗಿದು ಲಾಭ ಲೆಕ್ಕಕ್ಕೆ ಸೇರಿದ ಮೇಲಷ್ಟೇ ಬೂದು ಗೆರೆ ಸರಾಸರಿಯ ಮೇಲೆ ಹಾರಿತು. ಫಿಲ್ಟರ್ ತೆರೆದುಕೊಂಡಿತು. ಅಲ್ಲಿಂದಾಚೆ ಬಂದ ಐದು ನಷ್ಟಗಳು ಮಾತ್ರ ನಿಜದ ದುಡ್ಡಿನವು.

ಹಾಗಾದರೆ ಇದರಿಂದ ಎಂದಾದರೂ ಉಪಯೋಗವಿತ್ತೇ? ಹಳೆಯ ಪರೀಕ್ಷೆ ಏನಾದರೂ ಇದೆಯೇನೋ ಎಂದು ಹುಡುಕುವಾಗ ಅವಳ ಹೆಸರಿನದೇ ಒಂದು ಕಡತ ಸಿಕ್ಕಿತು. ಹನ್ನೆರಡು ವರ್ಷದ ವ್ಯವಹಾರಗಳ ಮೇಲೆ ಅವನು ಫಿಲ್ಟರ್ ಹಾಕಿ ನೋಡಿದ್ದ. ಲಾಭ ಹೆಚ್ಚುಕಡಿಮೆ ಅರ್ಧವಾಗಿತ್ತು. ಖಾತೆಯ ದೊಡ್ಡ ಕುಸಿತ ಸ್ವಲ್ಪವಷ್ಟೇ ಕಡಿಮೆಯಾಗಿತ್ತು. ಅದೇ ವ್ಯವಹಾರಗಳ ಕ್ರಮವನ್ನು ಸಾವಿರ ಸಲ ಕಲೆಸಿಯೂ ನೋಡಿದ್ದ. ಕಲೆಸಿದ ಸಾಲುಗಳಲ್ಲೂ ಫಲ ಹೆಚ್ಚುಕಡಿಮೆ ಅಷ್ಟೇ. ಕೆಳಗೆ ಒಂದು ಸಾಲು ಬರೆದಿದ್ದ: 'ನಷ್ಟದ ಹಿಂದೆ ನಷ್ಟವೇ ಬರುವ ಗುಣ ಇದ್ದರೆ ಫಿಲ್ಟರ್ ಕೆಲಸ ಮಾಡುತ್ತೆ. ನನ್ನ ವಿಧಾನಕ್ಕೆ ಆ ಗುಣ ಇಲ್ಲ.'

ತಾರೀಕು ನೋಡಿದಳು. ಫಿಲ್ಟರ್ ಹಾಕುವುದಕ್ಕೆ ಎರಡು ದಿನ ಮೊದಲಿನದು.

ದೇವರಾಜ್ ಎರಡು ಲೋಟ ಹಿಡಿದು ಬಂದ. ಪರದೆ ನೋಡಿದ. ಅವಳ ಲೋಟ ಅವಳ ಪಕ್ಕಕ್ಕಿಟ್ಟ.

"ಗೊತ್ತಿದ್ದೂ ಹಾಕಿದ್ರಾ?" ಎಂದಳು.

"ಸಕ್ರೆ ಸರಿಯಾಗಿದ್ಯಾ ನೋಡು."

"ರೀ, ಕೇಳಿದ್ದಕ್ಕೆ ಹೇಳಿ."

"ಏನೇಳ್ಲಿ? ನಿಂಗೆ ನಿದ್ದೆ ಬತ್ತಿರ್ಲಿಲ್ಲ. ಹಾಕಿದ್ ದಿನದಿಂದ ಬಂತು. ಅಷ್ಟು ಉಪಯೋಗ ಆಯ್ತಲ್ಲ ಅದ್ರಿಂದ."

"ಈ ಲೆಕ್ಕ ನಂಗೆ ತೋರಿಸ್ಬೋದಿತ್ತು."

"ತೋರಿಸ್ದೆ ಕಣೆ. ನೀನು ಕಾಯಿ ತುರೀತಿದ್ದೆ. ಲೆಕ್ಕ ಯಾರಿಗೆ ಬೇಕು, ನಿಲ್ಸಿ ಅಂದ್ರೆ ನಿಲ್ಸಿ ಅಂದೆ."

ಅವಳಿಗೆ ನೆನಪಾಯಿತು. ಕೈಯಲ್ಲಿ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದವನು ಅದನ್ನು ಮಡಿಸಿಕೊಂಡು ಹೋಗಿದ್ದ.

"ಹಾಗಾದ್ರೆ ಬೂದು ಗೆರೆನೇ ಲೆಕ್ಕಕ್ಕೆ ತಗೊಳೋಣ," ಎಂದಳು ಅವಸರದಿಂದ. "ಕೆಲಸ ಮಾಡಿದ್ದು ನಿಮ್ಮ ವಿಧಾನ, ತಪ್ಪು ನಂದು. ಇನ್ನೊಂದು ವರ್ಷ ಮಾಡಿ. ಫಿಲ್ಟರ್ ತೆಗೆದುಬಿಡಿ."

ದೇವರಾಜ್ ನಂಬಲಾಗದವನಂತೆ ಅವಳ ಮುಖವನ್ನೇ ನೋಡಿದ. ಅವನ ಕಣ್ಣಿನಲ್ಲಿ ಬಂದ ಬೆಳಕು ಅವಳಿಗೆ ಕಂಡಿತು. ಕುರ್ಚಿ ಎಳೆದುಕೊಂಡು ಹತ್ತಿರ ಕೂತ.

"ಮತ್ತೆ ಸಾಲಾಗಿ ಒಂಬತ್ತು ಬತ್ತವೆ, ಸ್ಪಂದನಾ. ಹನ್ನೆರಡೂ ಬರ್ಬೋದು. ಆಗ ನಿಲ್ಸಿ ಅನ್ನಲ್ವಾ ನೀನು?"

ಅವಳು ಬಾಯಿ ತೆರೆದಳು. ಅನ್ನಲ್ಲ ಎನ್ನುವ ಒಂದು ಮಾತು ಸಾಕಿತ್ತು. ಒಂಬತ್ತನೆಯ ನಷ್ಟದ ದಿನ ಬಸ್ಸಿನಲ್ಲಿ ಮತ್ತೆ ಮತ್ತೆ ಫೋನ್ ತೆಗೆದು ನೋಡಿದ್ದನ್ನು ಅವಳು ಮರೆತಿರಲಿಲ್ಲ. ಅವನಿಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತು.

"ಹೋಗ್ಲಿ ಬಿಡು," ಎಂದು ಅವಳ ತಲೆ ಸವರಿ, ಅಣ್ಣನಿಗೆ ಫೋನ್ ಮಾಡಿದ.

"ಅಣ್ಣ, ಸೋಮವಾರದಿಂದ ಬತ್ತೀನಿ."

ಬಸವೇಶನ ದೊಡ್ಡ ದನಿ ಅವಳಿಗೂ ಕೇಳಿಸಿತು. "ಬಾರ್ಲಾ. ನಿನ್ ಕಂಪ್ಯೂಟ್ರೂ ಎತ್ಕೊಂಬಾ, ಬಿಲ್ ಒಡೆಯಾಕಾದ್ರೂ ಆಯ್ತದೆ."

ದೇವರಾಜ್ ನಕ್ಕ. ಚೆನ್ನಾಗಿಯೇ ನಕ್ಕ. ಅವಳು ಪರದೆಯ ಕಡೆ ತಿರುಗಿ ಕೂತಳು, ಅವನಿಗೆ ತನ್ನ ಮುಖ ಕಾಣದ ಹಾಗೆ.